ಕೆಂಪು ಹಾರ್ಟ್ ಹಳದಿಯಾದಾಗ

ಸಮಾಲೋಚನೆಗೆ ಬಂದ ಹೆಂಡತಿಯೊಬ್ಬರು ಫೋನನ್ನು ನನ್ನ ಕಡೆ ತಿರುಗಿಸಿದರು. "ಮೂರು ವಾರದಿಂದ ಹೀಗೇ ಮೇಡಂ, ನೋಡಿ." ಗಂಡ ದಿನಾ ❤️ ಕಳಿಸುತ್ತಿದ್ದರು. ಈಗ ಬರುತ್ತಿರುವುದು 💛. ಹಳದಿ ಅಂದ್ರೆ ಬರೀ ಫ್ರೆಂಡ್‌ಶಿಪ್ ಅಲ್ವಾ ಎಂಬುದು ಅವರ ಭಯ.

ಈ ಭಯ ಸುಮ್ನೆ ಬಂದದ್ದಲ್ಲ. ಕೆಂಪು ಪ್ರೀತಿಗೆ, ಹಳದಿ ಗೆಳೆತನಕ್ಕೆ ಎಂದೇ ತುಂಬಾ ಜನ ಓದುತ್ತಾರೆ. ಸ್ನ್ಯಾಪ್‌ಚಾಟ್‌ನಲ್ಲಂತೂ ಇಬ್ಬರು ಒಬ್ಬರಿಗೊಬ್ಬರು ಎಲ್ಲರಿಗಿಂತ ಜಾಸ್ತಿ ಸ್ನ್ಯಾಪ್ ಕಳಿಸಿದರೆ ಹೆಸರಿನ ಪಕ್ಕ ಹಳದಿ ಹಾರ್ಟ್ ಬರುತ್ತದೆ. ಎರಡು ವಾರ ಹಾಗೇ ಮುಂದುವರಿದರೆ ಅದು ಕೆಂಪಾಗುತ್ತದೆ. ಆದರೆ ಇಮೋಜಿಗಳ ಪಟ್ಟಿ ಮಾಡುವ ಯೂನಿಕೋಡ್ 2010ರಲ್ಲಿ ಹಳದಿ, ಹಸಿರು, ನೀಲಿ, ನೇರಳೆ ಹಾರ್ಟ್‌ಗಳನ್ನು ಸೇರಿಸಿದಾಗ ಬಣ್ಣದ ಹೆಸರಷ್ಟೇ ಕೊಟ್ಟಿತು. ಅರ್ಥ ಹಚ್ಚಿದವರು ನಾವು. ಹಾಗಾಗಿ ನಾನು ಬಣ್ಣಕ್ಕಿಂತ ಮೊದಲು ಕಳಿಸಿದವರ ಅಭ್ಯಾಸ ನೋಡುತ್ತೇನೆ.

ಇಬ್ಬರನ್ನೂ ಕೂರಿಸಿಕೊಂಡು ಚಾಟ್ ಹಿಂದಕ್ಕೆ ಸರಿಸಿದೆವು. ಮೊದಲ ಹಳದಿ ಹಾರ್ಟ್ ಸಿಕ್ಕಿತು. ಅವರು ಹಳದಿ ಸೀರೆ ಉಟ್ಟ ಫೋಟೊ ಕಳಿಸಿದ ದಿನ ಅದು. ಗಂಡ ಬಣ್ಣಕ್ಕೆ ಬಣ್ಣ ಹೊಂದಿಸಿದ್ದರು. ಅಲ್ಲಿಂದ ಕೀಬೋರ್ಡಿನಲ್ಲಿ ಇತ್ತೀಚೆಗೆ ಬಳಸಿದವುಗಳ ಸಾಲಿನಲ್ಲಿ ಹಳದಿಯೇ ಮುಂದೆ ಕೂತಿತು, ಬೆರಳು ಅದನ್ನೇ ಒತ್ತುತ್ತಾ ಹೋಯಿತು. ಆ ಮೇಲೆ ಅಮ್ಮನಿಗೂ ತಂಗಿಗೂ ಹೋದದ್ದು ಅದೇ ಹಳದಿ. ಎಲ್ಲರಿಗೂ ಬಣ್ಣ ಬದಲಾಗಿದ್ದರೆ ಅದು ಕೈಯ ಅಭ್ಯಾಸ. ಒಬ್ಬರಿಗೆ ಮಾತ್ರ ಬದಲಾಗಿದ್ದರೆ ಕೇಳಬೇಕಾದ ಮಾತು.

ಆದರೂ ಹೆಂಡತಿಯ ಅನುಮಾನ ಪೂರ್ತಿ ತಪ್ಪಾಗಿರಲಿಲ್ಲ. ಇನ್ನೂ ಹಿಂದೆ ಹೋದರೆ "ಊಟ ಆಯ್ತಾ, ಏನ್ ಮಾಡ್ತಿದೀಯಾ" ಎಂಬ ಸಂಜೆಯ ಮೆಸೇಜ್‌ಗಳು ಎರಡು ತಿಂಗಳ ಹಿಂದೆಯೇ ನಿಂತಿದ್ದವು. ಆಗೆಲ್ಲ ಹಾರ್ಟ್ ಕೆಂಪೇ ಇತ್ತು! ನೋವು ಅಲ್ಲಿತ್ತು, ಕಣ್ಣಿಗೆ ಬಿದ್ದದ್ದು ಬಣ್ಣ. ಉಳಿದ ಭೇಟಿಗಳಲ್ಲಿ ಆ ಸಂಜೆಗಳ ಬಗ್ಗೆಯೇ ಮಾತಾಡಿದೆವು.

ಇದರ ತಿರುಗುಮುರುಗು ಕೇಸೂ ಬರುತ್ತದೆ. ಸಹೋದ್ಯೋಗಿಯ ಮೆಸೇಜಿಗೆ ಗಂಡ ಕೆಂಪು ಹಾರ್ಟ್ ಒತ್ತಿದ್ದಾನೆ ಎಂದು ಜಗಳ. ಟೈಪ್ ಮಾಡಿದ್ದೋ, ರಿಯಾಕ್ಷನ್ನೋ ಎಂದು ಕೇಳುತ್ತೇನೆ. 2022ರಲ್ಲಿ ವಾಟ್ಸಾಪ್ ರಿಯಾಕ್ಷನ್ ಶುರು ಮಾಡಿದಾಗ ಕೊಟ್ಟ ಆರು ಚಿಹ್ನೆಗಳಲ್ಲಿ ಇದ್ದದ್ದು ಒಂದೇ ಹಾರ್ಟ್, ಅದೂ ಕೆಂಪು. ಅಲ್ಲಿ ಕೆಂಪು ಎಂದರೆ ಹೆಚ್ಚಿನ ಸಲ "ನೋಡಿದೆ, ಚೆನ್ನಾಗಿದೆ" ಅಷ್ಟೇ. ಮಾತಿನ ಕೊನೆಗೆ ಹುಡುಕಿ ಹಾಕಿದ ಹಾರ್ಟಿಗೆ ತೂಕ ಬೇರೆ.

ನೆಂಟರ ನಡುವೆ ನಾನು ಎಚ್ಚರ ಹೇಳುವುದು ಕಪ್ಪಿಗೆ. ಕಾಲೇಜು ಹುಡುಗಿಯೊಬ್ಬಳು ಅತ್ತೆಯ ಹುಟ್ಟುಹಬ್ಬದ ಫೋಟೊಗೆ 🖤 ಹಾಕಿದ್ದಳು. ಅವಳ ಗೆಳತಿಯರಲ್ಲಿ ಅದು ಸ್ಟೈಲು, ಆಪ್ತತೆ. ಅತ್ತೆಗೆ ಕಂಡದ್ದು ಸಾವಿನ ಬಣ್ಣ. ಹುಡುಗಿ ಫೋನ್ ಮಾಡಿ, "ಅತ್ತೆ, ನಮ್ಮಲ್ಲಿ ಇದು ತುಂಬಾ ಇಷ್ಟ ಅನ್ನೋಕೆ ಹಾಕೋದು" ಎಂದ ಮೇಲೆ ಅವರು ಫ್ಯಾಮಿಲಿ ಗ್ರೂಪಿಗೆ ವಾಪಸ್ ಬಂದರು.