ಇಡೀ ಜಾತಕಕ್ಕೆ ಒಬ್ಬನೇ ಒಡೆಯನೇ? ರಾಶ್ಯಧಿಪತಿ ಸರಪಳಿಯ ಹಿನ್ನೆಲೆ

ಗ್ರಹವೊಂದು ಯಾವ ರಾಶಿಯಲ್ಲಿ ಕೂತಿದೆಯೋ ಆ ರಾಶಿಯ ಅಧಿಪತಿಯೇ ಅದಕ್ಕೆ ಆಶ್ರಯದಾತ. ಪಾಶ್ಚಾತ್ಯ ಜ್ಯೋತಿಷದಲ್ಲಿ ಅವನ ಹೆಸರು ಡಿಸ್ಪಾಸಿಟರ್. ಆ ಅಧಿಪತಿಯೂ ಇನ್ನೊಬ್ಬರ ಮನೆಯಲ್ಲಿದ್ದರೆ ಅವನ ಆಶ್ರಯದಾತ ಯಾರು ಎಂದು ಕೇಳುತ್ತಾ ಹೋಗಬೇಕು. ಸ್ವಕ್ಷೇತ್ರದಲ್ಲಿರುವ ಗ್ರಹ ಸಿಕ್ಕಾಗ ಸರಪಳಿ ನಿಲ್ಲುತ್ತದೆ. ಎಲ್ಲ ಗ್ರಹಗಳ ದಾರಿಯೂ ಒಬ್ಬನಲ್ಲೇ ಮುಗಿದರೆ ಅವನು ಫೈನಲ್ ಡಿಸ್ಪಾಸಿಟರ್, ಅಂದರೆ ಇಡೀ ಕುಂಡಲಿಯ ಯಜಮಾನ.

ಈ ಲೆಕ್ಕಕ್ಕೆ ಆಧಾರವಾದ ರಾಶಿಗಳ ಹಂಚಿಕೆ ಬಹಳ ಹಳೆಯದು. ಕಟಕ ಚಂದ್ರನಿಗೆ, ಸಿಂಹ ರವಿಗೆ. ಅಲ್ಲಿಂದ ಎರಡೂ ಕಡೆಗೆ ಒಂದೊಂದು ರಾಶಿಯಂತೆ ಬುಧ, ಶುಕ್ರ, ಕುಜ, ಗುರು, ಶನಿ. 2ನೇ ಶತಮಾನದ ಟಾಲೆಮಿಯಲ್ಲೂ 6ನೇ ಶತಮಾನದ ವರಾಹಮಿಹಿರನ ಬೃಹಜ್ಜಾತಕದಲ್ಲೂ ಇರುವುದು ಇದೇ ಕ್ರಮ. ಅಧಿಪತಿಯ ಅಧಿಪತಿಯನ್ನು ನೋಡುವ ಪದ್ಧತಿಯೂ ನಮ್ಮಲ್ಲಿ ಹೊಸದಲ್ಲ. ಪರಾಶರ ಹೋರೆಯ ಕಲ್ಪದ್ರುಮ ಯೋಗವನ್ನೇ ನೋಡಿ: ಲಗ್ನಾಧಿಪತಿ, ಅವನಿರುವ ರಾಶಿಯ ಅಧಿಪತಿ, ಆ ಅಧಿಪತಿ ಇರುವ ರಾಶಿಯ ಅಧಿಪತಿ, ಕೊನೆಯವನ ನವಾಂಶಾಧಿಪತಿ, ಈ ನಾಲ್ವರೂ ಕೇಂದ್ರ ತ್ರಿಕೋನಗಳಲ್ಲೋ ಉಚ್ಚದಲ್ಲೋ ಇರಬೇಕು. ಆದರೆ ಗಮನಿಸಿ, ಈ ಸರಪಳಿ ಲಗ್ನಾಧಿಪತಿಯಿಂದಲೇ ಹೊರಟು ಕೆಲವೇ ಹೆಜ್ಜೆಗೆ ನಿಲ್ಲುತ್ತದೆ, ಪ್ರತಿ ಕೊಂಡಿಯ ಬಲವನ್ನೂ ಕೇಳುತ್ತದೆ. ಎಲ್ಲರ ಮೇಲೊಬ್ಬ ಒಡೆಯನನ್ನು ಅದು ಹುಡುಕುವುದಿಲ್ಲ.

ಇಂಗ್ಲೆಂಡಿನ ವಿಲಿಯಂ ಲಿಲಿ 1647ರ ತನ್ನ ಗ್ರಂಥದಲ್ಲಿ ಡಿಸ್ಪಾಸಿಟರನ್ನು ಧಾರಾಳವಾಗಿ ಬಳಸಿದ. ಜಾತಕದ ಒಡೆಯನನ್ನು ಆರಿಸುವಾಗ ಮಾತ್ರ ಅವನು ನೆಚ್ಚಿದ್ದು ಗ್ರಹಬಲದ ಅಂಕಗಳನ್ನು, ಸರಪಳಿಯ ತುದಿಯನ್ನಲ್ಲ. ತುದಿಯಲ್ಲಿ ಸಿಕ್ಕವನೇ ಯಜಮಾನ ಎಂಬ ಮಾತು ಚಾಲ್ತಿಗೆ ಬಂದದ್ದು 20ನೇ ಶತಮಾನದ ಪಾಶ್ಚಾತ್ಯ ಜ್ಯೋತಿಷದಲ್ಲಿ. ಅಷ್ಟರಲ್ಲಿ ಯುರೇನಸ್, ನೆಪ್ಚೂನ್, ಪ್ಲೂಟೊಗಳಿಗೂ ರಾಶಿ ಹಂಚುವವರು ಹುಟ್ಟಿಕೊಂಡಿದ್ದರಿಂದ ಒಂದೇ ಕುಂಡಲಿಗೆ ಎರಡೆರಡು ಉತ್ತರ ಬರತೊಡಗಿತು.

ಕಲ್ಪಿತ ಕುಂಡಲಿಯೊಂದನ್ನು ಬಿಡಿಸೋಣ. ರವಿ ಕಟಕದಲ್ಲಿ, ಚಂದ್ರ ಮೀನದಲ್ಲಿ, ಕುಜ ಕನ್ಯಾದಲ್ಲಿ, ಬುಧ ಮಿಥುನದಲ್ಲಿ, ಗುರು ವೃಷಭದಲ್ಲಿ, ಶುಕ್ರ ಮಿಥುನದ ಕೊನೆಯಲ್ಲಿ, ಶನಿ ಧನುಸ್ಸಿನಲ್ಲಿ. ಮೊದಲು ಸ್ವಕ್ಷೇತ್ರದಲ್ಲಿ ಯಾರಿದ್ದಾರೆ ಎಂದು ನೋಡಬೇಕು: ಬುಧ ಒಬ್ಬನೇ. ಇನ್ನು ರವಿಯಿಂದ ಹೊರಡಿ. ರವಿಗೆ ಚಂದ್ರ, ಚಂದ್ರನಿಗೆ ಗುರು, ಗುರುವಿಗೆ ಶುಕ್ರ, ಶುಕ್ರನಿಗೆ ಬುಧ. ಶನಿ ಗುರುವಿನ ಮೂಲಕ ಇದೇ ದಾರಿಗೆ ಸೇರುತ್ತಾನೆ, ಕುಜ ನೇರವಾಗಿ ಬುಧನ ಬಳಿಗೇ ಬರುತ್ತಾನೆ. ಏಳೂ ಬುಧನಲ್ಲೇ ಮುಗಿದವು. ರಾಹು ಕೇತುಗಳಿಗೆ ಸ್ವಂತ ರಾಶಿ ಕೊಡದ ಪದ್ಧತಿಯಲ್ಲಿ ಅವು ಸರಪಳಿಯ ಬಾಲದಲ್ಲಿ ಸೇರಬಹುದೇ ಹೊರತು ನಡುವೆ ಬರಲಾರವು.

ಇಲ್ಲಿ ಹೆಚ್ಚಿನವರು ಎಡವುವುದು ಉಚ್ಚದ ವಿಷಯದಲ್ಲಿ. ಮೇಷದ ರವಿ ಉಚ್ಚನೆಂದು ಸರಪಳಿಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಎಷ್ಟೇ ಬಲಿಷ್ಠನಾದರೂ ಅವನಿರುವುದು ಕುಜನ ಮನೆಯಲ್ಲಿ, ಆದ್ದರಿಂದ ಲೆಕ್ಕ ಕುಜನಿಗೆ ಮುಂದುವರಿಯಲೇಬೇಕು. ಇದರ ಇನ್ನೊಂದು ಮುಖವೂ ಉಂಟು: ತುದಿಯ ಗ್ರಹ ಅಸ್ತಂಗತವಾಗಿರಬಹುದು, ಎಂಟನೇ ಮನೆಯಲ್ಲಿರಬಹುದು. ಯಜಮಾನಿಕೆ ಸಿಕ್ಕಿತೆಂದು ಅದರ ಬಲಾಬಲ ನೋಡುವುದನ್ನು ಬಿಡುವಂತಿಲ್ಲ.

ಮೇಲಿನ ಉದಾಹರಣೆಯಂತೆ ಅಚ್ಚುಕಟ್ಟಾಗಿ ಮುಗಿಯುವ ಕುಂಡಲಿಗಳು ಕಡಿಮೆ. ಏಳು ಗ್ರಹಗಳೂ ಹನ್ನೆರಡು ರಾಶಿಗಳಲ್ಲಿ ಎಲ್ಲಿ ಬೇಕಾದರೂ ಇರಬಹುದು ಎಂದು ಹಿಡಿದು ಲೆಕ್ಕ ಹಾಕಿದರೆ 144ರಲ್ಲಿ 22 ಪಾಲು, ಸುಮಾರು ಶೇ 15, ಒಬ್ಬನೇ ಒಡೆಯನಿರುವ ಕುಂಡಲಿಗಳು. ಅದರಲ್ಲೂ ಒಂದೇ ರಾಶಿಯಿರುವ ರವಿ ಚಂದ್ರರಿಗೆ ತಲಾ ಒಂದು ಪಾಲು, ಉಳಿದ ಐವರಿಗೆ ತಲಾ ನಾಲ್ಕು. ಬುಧ ಶುಕ್ರರು ರವಿಯನ್ನು ಬಿಟ್ಟು ದೂರ ಹೋಗುವುದಿಲ್ಲವಾದ್ದರಿಂದ ನಿಜವಾದ ಆಕಾಶದಲ್ಲಿ ಈ ಅಂಕಿ ತುಸು ಬದಲಾಗುತ್ತದೆ. ಉಳಿದ ಕುಂಡಲಿಗಳಲ್ಲಿ ಸ್ವಕ್ಷೇತ್ರದವರು ಇಬ್ಬರು ಮೂವರಿರುತ್ತಾರೆ, ಇಲ್ಲವೇ ಸರಪಳಿ ಸುತ್ತುಹಾಕಿಕೊಂಡಿರುತ್ತದೆ. ಇಬ್ಬರೇ ಇರುವ ಸುತ್ತು ನಮಗೆ ಗೊತ್ತಿರುವ ಪರಿವರ್ತನ ಯೋಗ.

ಸುತ್ತು ಎಷ್ಟು ಸಣ್ಣ ಕಾರಣಕ್ಕೆ ಹುಟ್ಟುತ್ತದೆಂದು ಅದೇ ಕುಂಡಲಿಯಲ್ಲಿ ನೋಡಬಹುದು. ನಕ್ಷತ್ರಾಧಾರಿತ ರಾಶಿಚಕ್ರಕ್ಕೆ ಹೊಂದಿಸಲು ಗ್ರಹದ ಸ್ಥಾನದಿಂದ ಕಳೆಯುವ ಅಂತರವೇ ಅಯನಾಂಶ. ಲಾಹಿರಿ ಅಯನಾಂಶದಲ್ಲಿ ಶುಕ್ರ ಮಿಥುನದ 29 ಅಂಶ 10 ಕಲೆಯಲ್ಲಿದ್ದಾನೆ ಎನ್ನಿ. ರಾಮನ್ ಅಯನಾಂಶ ಅದಕ್ಕಿಂತ ಸುಮಾರು ಒಂದೂವರೆ ಅಂಶ ಕಡಿಮೆ, ಹಾಗಾಗಿ ಅದರಲ್ಲಿ ಶುಕ್ರ ಕಟಕಕ್ಕೆ ದಾಟಿಬಿಡುತ್ತಾನೆ. ಈಗ ಚಂದ್ರನಿಗೆ ಗುರು, ಗುರುವಿಗೆ ಶುಕ್ರ, ಶುಕ್ರನಿಗೆ ಮತ್ತೆ ಚಂದ್ರ. ಮೂವರೂ ಸುತ್ತಿನಲ್ಲಿ ಸಿಕ್ಕಿಕೊಂಡರು, ರವಿ ಶನಿಗಳೂ ಅವರ ಹಿಂದೆ ಹೋದರು. ಬುಧನ ಪಾಲಿಗೆ ಉಳಿದದ್ದು ಕುಜನೊಬ್ಬ. ಆದ್ದರಿಂದ ಯಜಮಾನನನ್ನು ಹೆಸರಿಸುವ ಮೊದಲು ರಾಶಿಯ ಮೊದಲ ಅಥವಾ ಕೊನೆಯ ಎರಡು ಅಂಶದೊಳಗೆ ಯಾರಾದರೂ ಇದ್ದಾರೆಯೇ ನೋಡಿ. ಇದ್ದರೆ ಎರಡೂ ಅಯನಾಂಶಗಳಲ್ಲಿ ಸರಪಳಿಯನ್ನು ಬರೆದು ಹೋಲಿಸಿ.