ನಲವತ್ತೆಂಟು ಗಂಟೆಯ ಚಾರ್ಟಿನಲ್ಲಿ ದಣಿವು ಎಲ್ಲಿ ಅಡಗಿರುತ್ತದೆ?

ಪುಣೆಯ ಭೋಸರಿ, ಚಾಕಣ ಕಡೆಯ ಕಾರ್ಖಾನೆಗಳಲ್ಲಿ ನಮ್ಮ ಜನ ಬಹಳ ಇದ್ದಾರೆ. ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಬಂದವರು. ಎಷ್ಟೋ ಪ್ರೆಸ್ ಶಾಪ್‌ಗಳಲ್ಲಿ ವಾರದ ಡ್ಯೂಟಿ ಚಾರ್ಟ್ ಬರೆಯುವ ಸೂಪರ್‌ವೈಸರ್ ಕೂಡ ಅವರೇ. ಚಾರ್ಟ್ ತಯಾರಾದ ಮೇಲೆ ಮ್ಯಾನೇಜರ್ ಸಾಮಾನ್ಯವಾಗಿ ಎರಡು ವಿಷಯ ನೋಡುತ್ತಾರೆ. ಎಲ್ಲ ಮಷೀನಿಗೂ ಆಳು ಇದ್ದಾರಾ? ಯಾರಿಗಾದರೂ ವಾರಕ್ಕೆ 48 ಗಂಟೆ ದಾಟಿದೆಯಾ? ಎರಡೂ ಸರಿಯಿದ್ದರೆ ಸಹಿ ಬೀಳುತ್ತದೆ. ಆ ಚಾರ್ಟ್ ಆಪರೇಟರ್‌ಗೆ ಎಷ್ಟು ನಿದ್ದೆ ಬಿಟ್ಟಿದೆ ಅನ್ನುವುದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಆದರೆ ಅದನ್ನು ಲೆಕ್ಕ ಹಾಕಬಹುದು, ಅದಕ್ಕೆ ಹತ್ತು ನಿಮಿಷ ಸಾಕು.

ಒಬ್ಬ ಪ್ರೆಸ್ ಆಪರೇಟರ್‌ನ ಸಾಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಫಸ್ಟ್ ಶಿಫ್ಟ್ ಬೆಳಿಗ್ಗೆ 7ರಿಂದ 3, ಸೆಕೆಂಡ್ 3ರಿಂದ ರಾತ್ರಿ 11, ಥರ್ಡ್ 11ರಿಂದ ಬೆಳಿಗ್ಗೆ 7. ಇವನಿಗೆ ಸೋಮವಾರ ಸೆಕೆಂಡ್, ಮಂಗಳವಾರ ಫಸ್ಟ್. ಬುಧವಾರದಿಂದ ಶನಿವಾರದವರೆಗೆ ನಾಲ್ಕು ಥರ್ಡ್. ಭಾನುವಾರ ಬೆಳಿಗ್ಗೆ 7ಕ್ಕೆ ಬಿಡುಗಡೆ, ಮತ್ತೆ ಸೋಮವಾರ ಬೆಳಿಗ್ಗೆ 7ಕ್ಕೆ ಫಸ್ಟ್.

ಇಂಥ ಚಾರ್ಟ್ ಬಗ್ಗೆ ಕೇಳಿದಾಗ ಇಂಡಿ ಕಡೆಯ ಸೂಪರ್‌ವೈಸರ್ ಒಬ್ಬರು ನನಗೆ ಹೇಳಿದ್ದು ಹೀಗೆ: "ಸರ, ಇದ್ರಾಗ ತಪ್ಪೇನೈತ್ರಿ? ಎಂಟೆಂಟ್ ತಾಸಿನ ಆರು ಪಾಳಿ. ನಲವತ್ತೆಂಟ್ ತಾಸ್ ಆತು. ಐತಾರ ಸುಟ್ಟಿನೂ ಐತಿ."

ಲೆಕ್ಕ ಅವರು ಹೇಳಿದ ಹಾಗೆಯೇ ಇದೆ. 1948ರ ಕಾರ್ಖಾನೆ ಕಾಯ್ದೆ ಹಾಕಿದ್ದ ಮಿತಿ ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ ಆಗಿತ್ತು. ಶಿಫ್ಟ್ ಮಧ್ಯರಾತ್ರಿ ದಾಟಿದರೆ ಏನು ಮಾಡಬೇಕು ಅನ್ನುವುದನ್ನು ಅದರ 57ನೇ ಕಲಂ ಹೇಳುತ್ತಿತ್ತು. ಶಿಫ್ಟ್ ಮುಗಿದ ಹೊತ್ತಿನಿಂದ 24 ಗಂಟೆ ಬಿಡುವು ಕೊಟ್ಟರೆ ಅದನ್ನೇ ಪೂರ್ತಿ ದಿನದ ರಜೆ ಎಂದು ಎಣಿಸಬಹುದಿತ್ತು. ಭಾನುವಾರ 7ರಿಂದ ಸೋಮವಾರ 7ಕ್ಕೆ ಸರಿಯಾಗಿ 24 ಗಂಟೆ. ಆದರೆ ಆ ರಜೆಯ ಹಗಲು ರಾತ್ರಿಪಾಳಿಯ ನಿದ್ದೆಗೇ ಹೋಗುತ್ತದೆ. ರಾತ್ರಿ ಮಲಗಲು ಸಿಗುವುದು ಒಂದೇ ರಾತ್ರಿ.

ನಿದ್ದೆಯ ಸಂಶೋಧಕರಾದ ಡ್ರೂ ಡಾಸನ್ ಮತ್ತು ಕರ್ಸ್ಟಿ ಮೆಕಲಕ್ 2005ರಲ್ಲಿ ಚಾರ್ಟಿಗೆ ಅಂಕ ಕೊಡುವ ಒಂದು ಕೋಷ್ಟಕವನ್ನು ಪ್ರಕಟಿಸಿದರು. ಅದು ಐದು ಪ್ರಶ್ನೆ ಕೇಳುತ್ತದೆ. ಪ್ರತಿ ಉತ್ತರಕ್ಕೂ 0, 1, 2, 4 ಅಥವಾ 8 ಅಂಕ. ಒಟ್ಟು 40. ಅಂಕ ಜಾಸ್ತಿಯಾದಷ್ಟೂ ಕೆಲಸಗಾರ ನಿದ್ದೆಗೆಟ್ಟು ಬರುವ ಸಾಧ್ಯತೆ ಜಾಸ್ತಿ. ಅಂಕಗಳು ಒಂದೊಂದಾಗಿ ಏರದೆ ದುಪ್ಪಟ್ಟಾಗುತ್ತಾ ಹೋಗುವುದನ್ನು ಗಮನಿಸಿ. ಹಾಗಾಗಿ ಮಿತಿಯ ಅಂಚಿಗೆ ಹೋದ ಚಾರ್ಟ್ ಎದ್ದು ಕಾಣುತ್ತದೆ.

ನಮ್ಮ ಆಪರೇಟರ್‌ನ ಸಾಲಿಗೆ ಅಂಕ ಹಾಕೋಣ. ಮೊದಲ ಪ್ರಶ್ನೆ, ಏಳು ದಿನದಲ್ಲಿ ಒಟ್ಟು ಎಷ್ಟು ಗಂಟೆ ಕೆಲಸ? 48ರಿಂದ 55ರೊಳಗಿದ್ದರೆ 4 ಅಂಕ. ಇವನದು ಸರಿಯಾಗಿ 48, ಹಾಗಾಗಿ 4. ಎರಡನೆಯದು, ಅತಿ ಉದ್ದದ ಶಿಫ್ಟ್ ಎಷ್ಟು? ಎಂಟು ಗಂಟೆಯವರೆಗೆ 0. ಇಲ್ಲಿ ಅವನು ಬಚಾವ್.

ಮೂರನೆಯದು, ಎರಡು ಶಿಫ್ಟ್‌ಗಳ ನಡುವಿನ ಅತಿ ಕಡಿಮೆ ಬಿಡುವು. ಸೋಮವಾರ ರಾತ್ರಿ 11ಕ್ಕೆ ಬಿಟ್ಟು ಮಂಗಳವಾರ ಬೆಳಿಗ್ಗೆ 7ಕ್ಕೆ ಹಾಜರಾಗಬೇಕು, ಅಂದರೆ 8 ಗಂಟೆ. 16 ಗಂಟೆ ಅಥವಾ ಜಾಸ್ತಿ ಇದ್ದರೆ 0, 8ರಿಂದ 10ರೊಳಗೆ 4, ಎಂಟಕ್ಕಿಂತ ಕಡಿಮೆಯಾದರೆ 8. ಇವನಿಗೆ 4. ಈ ಎಂಟು ಗಂಟೆಯಲ್ಲಿ ಏನೇನು ಹಿಡಿಸಬೇಕು ಅಂತ ಯೋಚಿಸಿ. ಕಾರ್ಡ್ ಪಂಚ್ ಮಾಡಿ, ಕೈ ತೊಳೆದು, ಬೈಕ್ ಹತ್ತಿ ಚಿಖಲಿಯ ರೂಮಿಗೆ ಬಂದು ಉಂಡು ಮಲಗುವಾಗ ರಾತ್ರಿ ಒಂದು ಗಂಟೆಯ ಹತ್ತಿರ ಆಗಿರುತ್ತದೆ. ಬೆಳಿಗ್ಗೆ ಆರಕ್ಕೆಲ್ಲ ಮತ್ತೆ ಮನೆ ಬಿಡಬೇಕು. ಎಲ್ಲ ಸರಿಯಾಗಿ ನಡೆದರೂ ನಿದ್ದೆ ಐದು ಗಂಟೆ ದಾಟುವುದಿಲ್ಲ. ಯುರೋಪಿನ ಒಕ್ಕೂಟದ ನಿಯಮ ದಿನಕ್ಕೆ ಕನಿಷ್ಠ 11 ಗಂಟೆ ಸತತ ಬಿಡುವು ಕೇಳುವುದು ಈ ಕಾರಣಕ್ಕೇ.

ನಾಲ್ಕನೆಯದು, ಏಳು ದಿನದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 9ರ ನಡುವೆ ಬೀಳುವ ಕೆಲಸ. ನಾಲ್ಕು ಥರ್ಡ್ ಶಿಫ್ಟ್‌ಗೆ 32 ಗಂಟೆ. ಸೆಕೆಂಡ್ ಶಿಫ್ಟಿನ ಕೊನೆಯ ಎರಡು ಗಂಟೆ, ಫಸ್ಟ್ ಶಿಫ್ಟಿನ ಮೊದಲ ಎರಡು ಗಂಟೆಯೂ ಇದರಲ್ಲಿ ಸೇರುತ್ತವೆ. ಒಟ್ಟು 36. 24 ಅಥವಾ ಅದಕ್ಕಿಂತ ಜಾಸ್ತಿಯಾದರೆ 8 ಅಂಕ. ಐದನೆಯದು, ದೊಡ್ಡ ಬಿಡುವು ಎಷ್ಟು ದಿನಕ್ಕೊಮ್ಮೆ ಸಿಗುತ್ತದೆ? ದೊಡ್ಡ ಬಿಡುವು ಅಂದರೆ ಎರಡು ರಾತ್ರಿಯ ನಿದ್ದೆ, ನಡುವೆ ಕೆಲಸವಿಲ್ಲದ ಒಂದು ದಿನ. ಹಿಂದಿನ ವಾರ ಅವನಿಗೆ ಅದು ಸಿಕ್ಕಿತ್ತು, ಈ ವಾರ ಇಲ್ಲ. ಹದಿನಾಲ್ಕು ದಿನಕ್ಕೊಂದು ಅಂತ ಹಿಡಿದರೆ 2.

ಒಟ್ಟು 18. ಇಷ್ಟಕ್ಕೆ ಪಾಸ್, ಇಷ್ಟಕ್ಕೆ ಫೇಲ್ ಅನ್ನುವ ಒಂದೇ ಗೆರೆ ಎಲ್ಲ ಕೆಲಸಕ್ಕೂ ಹೊಂದುವುದಿಲ್ಲ. ಪವರ್ ಪ್ರೆಸ್ ಮುಂದೆ ನಿಂತವನಿಗೆ 18 ಭಾರಿ. ಪ್ಯಾಕಿಂಗ್ ಟೇಬಲ್ಲಿನಲ್ಲಿ ಅಷ್ಟು ಅಲ್ಲ. ನಾನು ಒಟ್ಟು ಅಂಕಕ್ಕಿಂತ ಮೊದಲು ನೋಡುವುದು ಯಾವುದಾದರೂ ಕಾಲಂನಲ್ಲಿ 8 ಇದೆಯಾ ಅಂತ. ಇದ್ದರೆ, ಒಟ್ಟು ಎಷ್ಟೇ ಕಡಿಮೆ ಇರಲಿ, ಸಹಿ ಹಾಕುವವರು ಕಾರಣ ಬರೆಯಬೇಕು.

ಈಗ ರಿಪೇರಿ. ಸೋಮವಾರ ಮತ್ತು ಮಂಗಳವಾರದ ಶಿಫ್ಟ್‌ಗಳನ್ನು ಅದಲುಬದಲು ಮಾಡಿ. ಸೋಮವಾರ ಫಸ್ಟ್, ಮಂಗಳವಾರ ಸೆಕೆಂಡ್, ಆಮೇಲೆ ನಾಲ್ಕು ಥರ್ಡ್. ಎಂಟು ಗಂಟೆಯ ಬಿಡುವು ಮಾಯವಾಯಿತು. ಈಗ ಅತಿ ಕಡಿಮೆ ಬಿಡುವು 16 ಗಂಟೆ, ಅಂಕ 0. ಒಟ್ಟು 18ರಿಂದ 14ಕ್ಕೆ ಇಳಿಯಿತು. ಅವನ ಜೊತೆ ಸೋಮವಾರ ಒಬ್ಬ, ಮಂಗಳವಾರ ಬೇರೊಬ್ಬ ಆಪರೇಟರ್ ಬದಲಿಸಿಕೊಂಡರೆ ಸಾಕು, ಹೆಚ್ಚಿನ ಆಳು ಬೇಡ, ಒಂದು ರೂಪಾಯಿ ಖರ್ಚಿಲ್ಲ. ಬದಲಿಸಿಕೊಂಡವರ ಸಾಲಿಗೂ ಅಂಕ ಹಾಕಿ ನೋಡಬೇಕು ಅಷ್ಟೇ. ಇವನ ತೊಂದರೆ ಅವರ ತಲೆಗೆ ಹೋಗಬಾರದು ಅಲ್ವಾ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಎರಡು ಫಸ್ಟ್, ಎರಡು ಸೆಕೆಂಡ್, ಎರಡು ಥರ್ಡ್ ಕೊಟ್ಟರೆ? ಸತತ ರಾತ್ರಿಗಳು ನಾಲ್ಕರಿಂದ ಎರಡಕ್ಕೆ ಇಳಿಯುತ್ತವೆ. ಆದರೆ ಕೋಷ್ಟಕದಲ್ಲಿ ಅಂಕ ಇಳಿಯುವುದಿಲ್ಲ! ಎರಡು ಥರ್ಡ್‌ಗೆ 16 ಗಂಟೆ, ಉಳಿದ ನಾಲ್ಕು ಶಿಫ್ಟ್‌ಗಳಿಂದ ತಲಾ ಎರಡರಂತೆ 8 ಗಂಟೆ, ಸೇರಿ 24. ಅಲ್ಲಿಗೆ ಮತ್ತೆ 8 ಅಂಕ. ಒಟ್ಟು 14ರಲ್ಲೇ ನಿಂತಿತು. ಇದು ಈ ಕೋಷ್ಟಕದ ದೊಡ್ಡ ಮಿತಿ. ರಾತ್ರಿಯ ಗಂಟೆಗಳನ್ನು ಅದು ಕೂಡುತ್ತದೆ, ಅವು ಒಂದರ ಹಿಂದೆ ಒಂದು ಬಂದವೋ ಚದುರಿ ಬಂದವೋ ಅಂತ ಕೇಳುವುದಿಲ್ಲ.

ಅದಕ್ಕೆ ಇನ್ನೊಂದು ಅಳತೆ ಬೇಕು. ಸೈಮನ್ ಫೋಕಾರ್ಡ್ ಮತ್ತು ಫಿಲಿಪ್ ಟಕರ್ 2003ರಲ್ಲಿ ಹಲವು ಅಧ್ಯಯನಗಳ ಅಪಘಾತದ ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮೊದಲ ರಾತ್ರಿಯ ಅಪಾಯವನ್ನು 100 ಅಂತ ಹಿಡಿದರೆ ಎರಡನೇ ರಾತ್ರಿ ಸುಮಾರು 106, ಮೂರನೇ ರಾತ್ರಿ 117, ನಾಲ್ಕನೇ ರಾತ್ರಿ 136. ಏರಿಕೆ ಒಂದೇ ಸಮನಾಗಿಲ್ಲ. ಕೊನೆಯ ಎರಡು ರಾತ್ರಿಗಳಲ್ಲಿ ಜೋರಾಗಿ ಏರುತ್ತದೆ. ನಾಲ್ಕು ರಾತ್ರಿಯ ಸರಾಸರಿ ಸುಮಾರು 115, ಎರಡು ರಾತ್ರಿಯದು 103. ಕೋಷ್ಟಕಕ್ಕೆ ಕಾಣದ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಬ್ರಿಟನ್ನಿನ ಸುರಕ್ಷತಾ ಇಲಾಖೆ 2006ರಲ್ಲಿ ಹೊರತಂದ ದಣಿವು ಮತ್ತು ಅಪಾಯದ ಸೂಚ್ಯಂಕ ಕೂಡ ಪ್ರತಿ ಶಿಫ್ಟ್‌ಗೂ ಅದರ ಹಿಂದೆ ಏನಿತ್ತು ಅನ್ನುವುದನ್ನು ನೋಡಿಯೇ ಅಂಕ ಕೊಡುತ್ತದೆ.

ರಾತ್ರಿ ರಾತ್ರಿಗೆ ಅಪಾಯ ಯಾಕೆ ಏರಬೇಕು? ರೂಢಿಯಾದರೆ ಇಳಿಯಬೇಕಲ್ಲ ಅಂತ ಅನ್ನಿಸಬಹುದು. ಆದರೆ ದೇಹದ ಗಡಿಯಾರ ಬೆಳಕನ್ನು ನೋಡಿ ನಡೆಯುತ್ತದೆ. ಬೆಳಿಗ್ಗೆ 7ಕ್ಕೆ ಗೇಟಿನ ಹೊರಗೆ ಬಂದ ಕೂಡಲೇ ಬಿಸಿಲು ಅದನ್ನು ಹಗಲಿಗೇ ಕಟ್ಟಿಹಾಕುತ್ತದೆ. ಹಾಗಾಗಿ ಹಗಲಿನ ನಿದ್ದೆ ರಾತ್ರಿಯದಕ್ಕಿಂತ ಚಿಕ್ಕದು, ಬೇಗ ಒಡೆಯುತ್ತದೆ. ಮೇಲೆ ತಗಡಿನ ಛಾವಣಿ, ಪಕ್ಕದ ಮನೆಯ ಕುಕ್ಕರ್, ಗಣಪತಿಗೆ ಮುಂಚೆ ಢೋಲ್ ತಾಲೀಮು. ದಿನವೂ ಒಂದೆರಡು ಗಂಟೆ ನಿದ್ದೆ ಬಾಕಿ ಉಳಿಯುತ್ತದೆ, ಮರುದಿನದ ಬಾಕಿ ಅದರ ಮೇಲೆ ಕೂರುತ್ತದೆ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ದೇಹದ ಉಷ್ಣತೆ ಅತಿ ಕೆಳಗಿರುತ್ತದೆ, ಎಚ್ಚರವೂ ಹಾಗೆಯೇ. ನಾಲ್ಕನೇ ರಾತ್ರಿಯ ನಾಲ್ಕು ಗಂಟೆಗೆ ಈ ಎರಡೂ ಒಟ್ಟಿಗೆ ಬಂದು ಕೂಡುತ್ತವೆ.

ಉದ್ದನೆಯ ಶಿಫ್ಟ್ ಇಷ್ಟು ಹೊತ್ತು ಸುಮ್ನೆ ಇತ್ತು, ಯಾಕೆಂದರೆ ಚಾರ್ಟಿನಲ್ಲಿ ಅದು ಇರುವುದೇ ಇಲ್ಲ. ಅದು ಬರುವುದು ಸಹಿಯಾದ ಮೇಲೆ. ರಿಪೇರಿ ಮಾಡುವ ಮೊದಲಿನ ಚಾರ್ಟಿಗೇ ವಾಪಸ್ ಹೋಗಿ. ಮಂಗಳವಾರ ಒಬ್ಬ ರಜೆ ಹಾಕಿದ, ನಮ್ಮ ಆಪರೇಟರ್ ಫಸ್ಟ್ ಮುಗಿಸಿ ಸಂಜೆ 7ರವರೆಗೆ ಓಟಿಗೆ ನಿಂತ. ಶಿಫ್ಟ್ 12 ಗಂಟೆಯಾಯಿತು, ಎರಡನೇ ಕಾಲಂ 0ಯಿಂದ 4ಕ್ಕೆ ಹೋಯಿತು, ಒಟ್ಟು 22. ಎಂಟು ಗಂಟೆಯ ಶಿಫ್ಟಿಗೆ ಹೋಲಿಸಿದರೆ ಹನ್ನೆರಡು ಗಂಟೆಯದರಲ್ಲಿ ಅಪಾಯ ಸುಮಾರು 27 ಪ್ರತಿಶತ ಜಾಸ್ತಿ ಎಂದು ಅದೇ ಸಂಶೋಧಕರು ಅಂದಾಜಿಸಿದ್ದಾರೆ. ಅದರ ಬದಲು ಡಬಲ್ ಹೊಡೆದು ರಾತ್ರಿ 11ರವರೆಗೆ ನಿಂತರೆ ಶಿಫ್ಟ್ 16 ಗಂಟೆ, ವಾರ 56 ಗಂಟೆ. ಎರಡೂ ಕಾಲಂಗೆ ಎಂಟೆಂಟು. ಒಟ್ಟು 30. ಅದೂ ಹಿಂದಿನ ರಾತ್ರಿ ಐದು ಗಂಟೆ ಮಲಗಿದವನು.

ಆದ್ದರಿಂದ ಓಟಿಗೆ ಹೂಂ ಅನ್ನುವ ಮೊದಲೂ ಅಂಕ ಹಾಕಬೇಕು. ಆಗ ಕೋಷ್ಟಕದ ಜೊತೆ ಮನುಷ್ಯನನ್ನೂ ಕೇಳಬೇಕು. ಡಾಸನ್ ಮತ್ತು ಮೆಕಲಕ್ ಅವರದೇ ಸರಳ ಸೂತ್ರ ಒಂದಿದೆ: ಕಳೆದ 24 ಗಂಟೆಯಲ್ಲಿ 5 ಗಂಟೆಯಾದರೂ, 48 ಗಂಟೆಯಲ್ಲಿ 12 ಗಂಟೆಯಾದರೂ ನಿದ್ದೆ ಆಗಿರಬೇಕು. "ನಿನ್ನೆ ಎಷ್ಟು ತಾಸು ಮಲಗಿದ್ದೆ, ಮೊನ್ನೆ ಎಷ್ಟು?" ಅಂತ ಕೇಳಿದರೆ ಸಾಕು. ಕಡಿಮೆ ಅಂದವನನ್ನು ಆ ಹೊತ್ತಿಗೆ ಪ್ರೆಸ್ ಬಿಡಿಸಿ ಬೇರೆ ಕೆಲಸಕ್ಕೆ ಹಾಕಬೇಕು. ಓಟಿ ದುಡ್ಡು ತಪ್ಪುತ್ತದೆ ಅಂತ ಗೊತ್ತಾದರೆ ಯಾರೂ ನಿಜ ಹೇಳುವುದಿಲ್ಲ, ಹಾಗಾಗಿ ಬೇರೆ ಕೆಲಸಕ್ಕೂ ಅದೇ ದರ ಕೊಡಬೇಕು.

ಎಕ್ಸೆಲ್‌ನಲ್ಲಿ ಚಾರ್ಟ್ ಇದ್ದರೆ ಬಿಡುವನ್ನು ಅದೇ ಲೆಕ್ಕ ಹಾಕುತ್ತದೆ. ಒಂದು ಶಿಫ್ಟಿಗೆ ಒಂದು ಸಾಲು, B ಕಾಲಂನಲ್ಲಿ ಶಿಫ್ಟ್ ಶುರು, C ಕಾಲಂನಲ್ಲಿ ಮುಗಿಯುವುದು. ಎರಡರಲ್ಲೂ ತಾರೀಖು ಮತ್ತು ಸಮಯ ಒಟ್ಟಿಗೆ ಇರಲಿ, ಇಲ್ಲದಿದ್ದರೆ ಮಧ್ಯರಾತ್ರಿ ದಾಟಿದ ಶಿಫ್ಟಿಗೆ ಉತ್ತರ ತಪ್ಪಾಗಿ ಬರುತ್ತದೆ.

```
=ROUND((B3-C2)*24,2)
```

ಸೋಮವಾರದಿಂದ ಭಾನುವಾರ ಅಂತ ವಾರ ಕತ್ತರಿಸಿ ಎಣಿಸಬೇಡಿ. ಈ ವಾರದ ಕೊನೆಯ ಮೂರು ರಾತ್ರಿ, ಮುಂದಿನ ವಾರದ ಮೊದಲ ಮೂರು ರಾತ್ರಿ ಸೇರಿದರೆ ಸತತ ಆರು ರಾತ್ರಿ, ಆದರೆ ಎರಡೂ ವಾರದ ಹಾಳೆ ಬೇರೆ ಬೇರೆ ನೋಡಿದರೆ ಚೆನ್ನಾಗಿಯೇ ಕಾಣುತ್ತವೆ. ಯಾವ ದಿನದಿಂದ ಶುರು ಮಾಡಿದರೂ ಮುಂದಿನ ಏಳು ದಿನ ನೋಡಿ, ಅದರಲ್ಲಿ ಅತಿ ಕೆಟ್ಟದ್ದನ್ನು ಹಿಡಿಯಿರಿ.

ತಿಂಗಳಿಗೊಮ್ಮೆ ಇದೇ ಲೆಕ್ಕವನ್ನು ಚಾರ್ಟಿನ ಬದಲು ಪಂಚಿಂಗ್ ಮಷೀನಿನ ಸಮಯ ಹಾಕಿ ಮಾಡಿ. ನಮ್ಮ ಆಪರೇಟರ್ ಸೋಮವಾರ ರಾತ್ರಿ ಸರಿಯಾಗಿ 11ಕ್ಕೆ ಹೊರಬಂದಿರುವುದಿಲ್ಲ. ಡೈ ಇಳಿಸಿ, ಮುಂದಿನವನಿಗೆ ಮಷೀನ್ ಒಪ್ಪಿಸಿ ಪಂಚ್ ಮಾಡುವಾಗ 11 ಗಂಟೆ 10 ನಿಮಿಷ. ಬಿಡುವು 7 ಗಂಟೆ 50 ನಿಮಿಷಕ್ಕೆ ಇಳಿಯಿತು. ಮೂರನೇ ಕಾಲಂ 4ರಿಂದ 8ಕ್ಕೆ ಹಾರಿತು. ಶಿಫ್ಟ್ ಎಂಟು ಗಂಟೆ ದಾಟಿದ್ದಕ್ಕೆ ಎರಡನೇ ಕಾಲಂ ಕೂಡ 0ಯಿಂದ 1ಕ್ಕೆ ಏರಿತು. ಕಾಗದದ ಮೇಲೆ 18 ಇದ್ದ ಚಾರ್ಟ್ ನೆಲದ ಮೇಲೆ 23 ಆಗಿತ್ತು.