ಗುಂಪಿನಲ್ಲಿ ಬೈಕ್ ಓಡಿಸುವಾಗ ಮುಂದಿನವರಿಂದ ಎಷ್ಟು ದೂರ ಇರಬೇಕು?

ಪ್ರಶ್ನೆ: ಈ ಭಾನುವಾರ ನಾವು ಏಳು ಜನ ಬೆಂಗಳೂರಿನಿಂದ ಸಕಲೇಶಪುರಕ್ಕೆ ಬೈಕಿನಲ್ಲಿ ಹೊರಟಿದ್ದೇವೆ. ಎಲ್ಲರೂ ‘ಸ್ಟ್ಯಾಗರ್ಡ್ ಆಗಿ ಬನ್ನಿ’ ಅಂತಾರೆ. ಹಾಗಂದ್ರೆ ಏನು? ಎಷ್ಟು ಅಂತರ ಬಿಡಬೇಕು?

ಉತ್ತರ: ಅಂತರವನ್ನು ಮೀಟರಿನಲ್ಲಲ್ಲ, ಸೆಕೆಂಡಿನಲ್ಲಿ ಅಳೆಯಿರಿ. ಓಡುವ ಬೈಕ್ ಮೇಲೆ ಕೂತು ಮೀಟರ್ ಅಂದಾಜು ಮಾಡುವುದು ಕಷ್ಟ.

ನೆಲಮಂಗಲ ದಾಟಿ ಹಾಸನದ ಹೆದ್ದಾರಿ ಹಿಡಿದ ಮೇಲೆ, ನೀವು ಹೋಗುವ ಲೇನಿನಲ್ಲೇ ಎಡಕ್ಕೊಂದು, ಬಲಕ್ಕೊಂದು ಸಾಲು ಇದೆ ಅಂದುಕೊಳ್ಳಿ. ಎಲ್ಲರಿಗಿಂತ ಮುಂದಿರುವ ಲೀಡ್ ರೈಡರ್ ಬಲ ಸಾಲಿನಲ್ಲಿ. ಎರಡನೆಯವರು ಒಂದು ಸೆಕೆಂಡ್ ಹಿಂದೆ, ಎಡ ಸಾಲಿನಲ್ಲಿ. ಮೂರನೆಯವರು ಮತ್ತೆ ಬಲಕ್ಕೆ. ಇದೇ ಸ್ಟ್ಯಾಗರ್ಡ್. ಹೀಗೆ ನಿಮ್ಮ ಸಾಲಿನಲ್ಲೇ ನೇರ ಮುಂದಿರುವ ಬೈಕಿಗೂ ನಿಮಗೂ ಎರಡು ಸೆಕೆಂಡ್ ಇರುತ್ತದೆ. ಆ ಬೈಕ್ ಒಂದು ಕಂಬ ದಾಟಿದ ತಕ್ಷಣ ‘ಸಾವಿರದ ಒಂದು, ಸಾವಿರದ ಎರಡು’ ಅಂತ ಎಣಿಸಿ. ಎಣಿಸಿ ಮುಗಿಸುವ ಮೊದಲೇ ಕಂಬ ನಿಮ್ಮ ಪಕ್ಕ ಬಂತಾ? ಹತ್ತಿರ ಆಯ್ತು, ಸ್ವಲ್ಪ ಹಿಂದೆ ಬನ್ನಿ. 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡ್ ಅಂದರೆ ಸುಮಾರು 33 ಮೀಟರ್, 80ರಲ್ಲಿ 44. ಮಳೆ ಬಂದರೆ ಇನ್ನೂ ಜಾಸ್ತಿ ಬಿಡಿ.

ಜೋಡಿಯಾಗಿ ಹೋದರೆ ಏನು ತೊಂದರೆ ಅಂತೀರಾ? ಬಲ ಸಾಲಿನವರ ಮುಂದೆ ಒಡೆದ ಲಾರಿ ಟೈರಿನ ತುಂಡು ಬಿದ್ದಿದೆ ಅಂದುಕೊಳ್ಳಿ. ಅವರು ಎಡಕ್ಕೆ ಹೊರಳಲೇಬೇಕು. ಪಕ್ಕದಲ್ಲಿ ಗೆಳೆಯನ ಬೈಕ್ ಇದ್ದರೆ ಇಬ್ಬರೂ ಬೀಳುತ್ತಾರೆ. ಸ್ಟ್ಯಾಗರ್ಡ್ ಆಗಿದ್ದರೆ ಪಕ್ಕ ಖಾಲಿ, ಇಡೀ ಲೇನ್ ಅವರದ್ದೇ.

ಆ ಟೈರನ್ನು ಮೊದಲು ನೋಡಿದವರು ಹಿಂದಿನವರಿಗೆ ತೋರಿಸಬೇಕು. ಬಲಗೈ ಆಕ್ಸಿಲರೇಟರ್ ಬಿಡುವ ಹಾಗಿಲ್ಲ, ಅದಕ್ಕೇ ಸನ್ನೆಗಳೆಲ್ಲ ಎಡಗೈಯಲ್ಲಿ. ಅಪಾಯ ಎಡಕ್ಕಿದ್ದರೆ ಎಡಗೈಯಿಂದ ತೋರಿಸಿ, ಬಲಕ್ಕಿದ್ದರೆ ಬಲಗಾಲು ಚಾಚಿ. ಅಂಗೈ ಕೆಳಮುಖ ಮಾಡಿ ಕೈಯನ್ನು ಮೇಲಿಂದ ಕೆಳಗೆ ಇಳಿಸಿದರೆ ‘ನಿಧಾನ’. ಒಂದೇ ಬೆರಳು ಮೇಲಕ್ಕೆತ್ತಿದರೆ ‘ಒಬ್ಬರ ಹಿಂದೆ ಒಬ್ಬರು ಬನ್ನಿ’. ಸನ್ನೆ ನೋಡಿದವರೆಲ್ಲ ಅದನ್ನೇ ಮಾಡುತ್ತಾ ಹೋಗಬೇಕು, ಇಲ್ಲದಿದ್ದರೆ ಏಳನೆಯವರಿಗೆ ಗೊತ್ತೇ ಆಗುವುದಿಲ್ಲ. ಹೊರಡುವ ಮುಂಚೆ ಚಹಾ ಅಂಗಡಿ ಹತ್ತಿರ ಎಲ್ಲರೂ ಒಮ್ಮೆ ಮಾಡಿ ನೋಡಿ.

ಈ ಒಂದು ಬೆರಳಿನ ಸನ್ನೆ ಘಾಟಿಯಲ್ಲಿ ತುಂಬಾ ಬೇಕಾಗುತ್ತದೆ. ತಿರುವಿನಲ್ಲಿ ಬೈಕ್ ವಾಲಿಸಲು ಲೇನಿನ ಪೂರ್ತಿ ಅಗಲ ಬೇಕು. ಹಾಗಾಗಿ ಅಲ್ಲಿ, ಕಿರಿದಾದ ರಸ್ತೆಯಲ್ಲಿ, ಗುಂಡಿ ಬಿದ್ದ ಕಡೆ ಸ್ಟ್ಯಾಗರ್ಡ್ ಬಿಟ್ಟುಬಿಡಿ. ಎಲ್ಲರೂ ಒಂದೇ ಸಾಲಿಗೆ ಬಂದು, ಮುಂದಿನ ಬೈಕಿಗೆ ಪೂರ್ತಿ ಎರಡು ಸೆಕೆಂಡ್ ಬಿಡಿ. ಲಾರಿ ಹಿಂದೆ ಹಾಕುವಾಗಲೂ ಅಷ್ಟೇ, ಒಬ್ಬೊಬ್ಬರಾಗಿ. ಲೀಡ್ ರೈಡರಿಗೆ ಖಾಲಿ ಕಂಡ ರಸ್ತೆ ನಿಮ್ಮ ಸರದಿ ಬರುವಷ್ಟರಲ್ಲಿ ಖಾಲಿ ಇರಬೇಕಂತಿಲ್ಲ ಅಲ್ವಾ? ಎದುರಿನಿಂದ ಏನು ಬರುತ್ತಿದೆ ಅಂತ ನೀವೇ ನೋಡಿಕೊಂಡು ದಾಟಿ.

ಹೊಸಬರನ್ನು ಕೊನೆಗೆ ಹಾಕಬೇಡಿ. ಮುಂದಿನವರು ಸ್ವಲ್ಪ ವೇಗ ಹೆಚ್ಚಿಸಿದರೂ ಬಾಲದಲ್ಲಿರುವವರು ಹಿಡಿಯಲು ಓಡಬೇಕಾಗುತ್ತದೆ. ಹೊಸಬರು ಲೀಡ್ ಹಿಂದೆಯೇ, ಎರಡನೆಯವರಾಗಿ ಬರಲಿ. ಕೊನೆಯಲ್ಲಿ ಅನುಭವಸ್ಥರಿರಲಿ, ಪಂಕ್ಚರ್ ಕಿಟ್ ಅವರ ಹತ್ತಿರವೇ ಇರಲಿ.